ಖಿದ್ರಾಪುರದ ಒಂದು ಚಿತ್ರ, ಅದರಡಿಗೆ ಒಂದು ಸಾಲು

ಕೆಳಗೆ ನಿಂತು ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ತೆಗೆದ ಚಿತ್ರವದು. ಸುತ್ತಲೂ ಕಪ್ಪು ಕಲ್ಲಿನ ಹನ್ನೆರಡು ಕಂಬಗಳು ಎದ್ದು ನಿಂತಿವೆ. ಅವುಗಳ ತಲೆಯ ಮೇಲೆ ಕೆತ್ತನೆಯ ಸಾಲುಗಳು ಒಂದರ ಒಳಗೊಂದು ಬಳೆಯಂತೆ ಏರುತ್ತ ಕಿರಿದಾಗುತ್ತ ಹೋಗಿವೆ. ಕೊನೆಯ ಬಳೆಯ ನಡುವೆ, ತಾವರೆಯೋ ದೇವತೆಯೋ ಇರಬೇಕಾದ ಸ್ಥಳದಲ್ಲಿ, ಒಂದು ದುಂಡನೆಯ ನೀಲಿ ಆಕಾಶವಿದೆ. ಮಳೆಗಾಲವಾದರೆ ಅಲ್ಲೊಂದು ಬೂದು ಮೋಡ ನಿಂತಿರುತ್ತದೆ. ಕೆಲವೊಮ್ಮೆ ಹಾರುವ ಹಕ್ಕಿಯೊಂದು ಸಿಕ್ಕಿಕೊಂಡಿರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಿಂದ ರಜೆಯ ಒಂದು ದಿನ ಬುತ್ತಿ ಕಟ್ಟಿಕೊಂಡು ಹೊರಟ ಕುಟುಂಬಗಳು, ಶಾಲೆಯ ಮಕ್ಕಳು, ಕಾಲೇಜಿನ ತರುಣರು ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋದರೆ ತಪ್ಪದೆ ಈ ಚಿತ್ರವನ್ನು ತೆಗೆಯುತ್ತಾರೆ. ಚಿತ್ರ ತೆಗೆಯುವುದು ಒಂದು ಕ್ಷಣದ ಕೆಲಸ. ಶಾಲೆಯ ವಾರ್ಷಿಕ ಸಂಚಿಕೆಗೋ ಮನೆಯ ಗೋಡೆಗೋ ಅದನ್ನು ಹಚ್ಚುವಾಗ, ಅದರಡಿಗೆ ಒಂದು ಸಾಲನ್ನು ಬರೆಯಬೇಕಾದಾಗ ಮಾತ್ರ ಕೈ ತಡೆಯುತ್ತದೆ. ಏನೆಂದು ಬರೆಯುವುದು? ‘ಭವ್ಯ ಶಿಲ್ಪಕಲೆ’ ಎಂದರೆ ಅದು ಬೇಲೂರಿಗೂ ಸಲ್ಲುತ್ತದೆ, ಬಾದಾಮಿಗೂ ಸಲ್ಲುತ್ತದೆ. ‘ಹೋಮದ ಹೊಗೆ ಹೋಗಲು ಬಿಟ್ಟ ಕಿಂಡಿ’ ಎಂದರೆ, ಯಾರೋ ಹೇಳಿದ್ದನ್ನು ಕಲ್ಲಿನ ಬಾಯಿಂದ ಹೇಳಿಸಿದಂತಾಗುತ್ತದೆ. ಚಿತ್ರ ಹತ್ತು ಕೈ ದಾಟಿ ಹೋದಾಗ ಜೊತೆಗೆ ಹೋಗುವುದು ಆ ಒಂದು ಸಾಲು ಮಾತ್ರ. ಅದರಲ್ಲಿ ತಪ್ಪಿದ್ದರೆ ಆ ತಪ್ಪೂ ಮನೆಮನೆಗೆ ಹೋಗಿ ನೆಲೆಸುತ್ತದೆ.

ಆದುದರಿಂದ ಈ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು, ಅದರಡಿಗೆ ಸತ್ಯವಾಗಿ ಏನನ್ನು ಬರೆಯಬಹುದು ಎಂದು ನೋಡುವುದು ಒಳ್ಳೆಯದು.

ಊರು ಯಾವುದು?

ಅಡಿಬರಹದಲ್ಲಿ ಮೊದಲು ಬೇಕಾದುದು ಊರಿನ ಹೆಸರು. ಖಿದ್ರಾಪುರವು ಕೃಷ್ಣಾ ನದಿಯ ದಡದ ಸಣ್ಣ ಗ್ರಾಮ. ಇಂದಿನ ಲೆಕ್ಕದಲ್ಲಿ ಅದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿಗೆ ಸೇರಿದೆ. ಆದರೆ ಹೊಳೆಯ ಆಚೆಯ ಜುಗೂಳ ಕರ್ನಾಟಕದ ಕಾಗವಾಡ ತಾಲೂಕಿನದು. 1956ರ ನವೆಂಬರ್ 1ರ ವರೆಗೆ ಬೆಳಗಾವಿ ಜಿಲ್ಲೆಯೂ ಕೊಲ್ಲಾಪುರ ಜಿಲ್ಲೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಗೆರೆಯು ಇವೆರಡರ ನಡುವೆ ಬಂದಿತು. ಗುಡಿ ಕಟ್ಟಿದವರ ಕಾಲದಲ್ಲಿ ಇಂಥ ಗೆರೆಯಿರಲಿಲ್ಲ. ಗುಡಿಯಲ್ಲಿ ಹಳಗನ್ನಡದ ಶಾಸನಗಳಿವೆ, ದೇವನಾಗರಿ ಲಿಪಿಯಲ್ಲಿ ಬರೆದ ಸಂಸ್ಕೃತ ಶಾಸನವೂ ಇದೆ. ಇಂದು ಅಲ್ಲಿ ಪೂಜೆಗೆ ಬರುವವರು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹರಕೆ ಹೊರುತ್ತಾರೆ.

ಹೆಸರಿನ ವಿಷಯದಲ್ಲಿ ಒಂದು ಪ್ರಲೋಭನೆಯುಂಟು. ಕ್ರಿ.ಶ. 1054ರಲ್ಲಿ ಕೊಪ್ಪಂ ಎಂಬಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ಘೋರ ಯುದ್ಧ ನಡೆಯಿತು. ಚೋಳ ದೊರೆ ಆನೆಯ ಮೇಲಿದ್ದಾಗಲೇ ಮಡಿದನು. ಅವನ ತಮ್ಮನು ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡನು. ಆ ಕೊಪ್ಪವು ಖಿದ್ರಾಪುರವೇ ಎಂದು ಕೆಲವು ವಿದ್ವಾಂಸರು ಹೇಳಿದರೆ, ಅದು ಕೊಪ್ಪಳವೆಂದು ಬೇರೆಯವರು ವಾದಿಸುತ್ತಾರೆ. ಗುಡಿಯ ಅಡಿಪಟ್ಟಿಯಲ್ಲಿರುವ ಆನೆಗಳ ಸಾಲನ್ನು ನೋಡಿದವರಿಗೆ ಆ ಯುದ್ಧದ ಆನೆಗಳನ್ನು ನೆನೆದು ರೋಮಾಂಚನವಾಗುವುದು ಸಹಜ. ಆದರೆ ಗುಡಿಯ ಕಟ್ಟಡ ಆ ಯುದ್ಧಕ್ಕಿಂತ ಈಚಿನದು, ಯುದ್ಧದ ಸ್ಥಳವೂ ಇನ್ನೂ ವಾದದಲ್ಲಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಲು ಆಧಾರವಿಲ್ಲ.

ಕರಿಕಲ್ಲಿನ ಕೆಲಸ

ಚಿತ್ರದಲ್ಲಿ ಕಾಣುವ ಭಾಗಕ್ಕೆ ‘ಸ್ವರ್ಗಮಂಟಪ’ ಎಂದು ಹೆಸರು. ಇದು ಗುಡಿಯ ಮುಂಭಾಗದಲ್ಲಿ, ಪೂರ್ವಕ್ಕೆ ನಿಂತಿದೆ. ಇದನ್ನು ದಾಟಿದ ಮೇಲೆ ಸಭಾಮಂಟಪ, ಆಮೇಲೆ ಅಂತರಾಳ, ಕೊನೆಗೆ ಗರ್ಭಗುಡಿ. ಸ್ವರ್ಗಮಂಟಪಕ್ಕೆ ಒಟ್ಟು 48 ಕಂಬಗಳೆಂದು ಎಣಿಸುತ್ತಾರೆ. ಅವುಗಳಲ್ಲಿ ದುಂಡನೆಯವೂ ಇವೆ, ಮೂಲೆ ತೆಗೆದವೂ ಇವೆ, ಚೌಕದವೂ ಇವೆ. ಮಧ್ಯದ ಹನ್ನೆರಡು ಒಂದು ವೃತ್ತವಾಗಿ ನಿಂತು ಮೇಲಿನ ಬಳೆಗಳನ್ನು ಹೊತ್ತಿವೆ. ಆ ಎತ್ತರದಲ್ಲಿ, ಬೆಳಕು ಒಳಗೆ ಇಳಿಯುವ ಸುತ್ತಿನಲ್ಲಿ, ದಿಕ್ಪಾಲಕರು ತಮ್ಮ ತಮ್ಮ ವಾಹನಗಳನ್ನೇರಿ ಕುಳಿತಿದ್ದಾರೆ; ನವಿಲನ್ನೇರಿದ ಕಾರ್ತಿಕೇಯನೂ ಇದ್ದಾನೆ. ಬಾಯಿಯ ಅಗಲ ಸುಮಾರು 13 ಅಡಿ. ಅದರ ನೇರ ಕೆಳಗೆ, ನೆಲದಲ್ಲಿ, ಹೆಚ್ಚುಕಡಿಮೆ ಅಷ್ಟೇ ಅಗಲದ ದುಂಡು ಹಾಸುಗಲ್ಲಿದೆ. ಮೇಲೊಂದು ವೃತ್ತ, ಕೆಳಗೊಂದು ವೃತ್ತ, ನಡುವೆ ಬೆಳಕಿನ ಕಂಬ.

ಕಲ್ಲು ಯಾವುದು ಎಂಬುದನ್ನು ಅಡಿಬರಹಗಳಲ್ಲಿ ಬರೆಯುವವರು ಕಡಿಮೆ. ಇಲ್ಲಿ ಅದನ್ನು ತಿಳಿಯದೆ ಶಿಲ್ಪಿಯ ಕಷ್ಟ ತಿಳಿಯದು. ಬೇಲೂರು ಹಳೇಬೀಡುಗಳ ಗುಡಿಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದ ಹೊಸತರಲ್ಲಿ ಆ ಕಲ್ಲು ಉಳಿಗೆ ಮೆತ್ತಗೆ ಒಗ್ಗುತ್ತದೆ. ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೆಗೆಯಲು ಬರುತ್ತದೆ. ಖಿದ್ರಾಪುರದ್ದು ಕರಿಕಲ್ಲು, ಎಂದರೆ ಬಸಾಲ್ಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾರಸ ಪದರುಪದರಾಗಿ ಆರಿ ಗಟ್ಟಿಯಾದ ಕಲ್ಲು ಇದು. ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯ ನೆಲದಡಿಯಲ್ಲಿಯೂ ಇದೇ ಇದೆ. ನಿಪ್ಪಾಣಿಯ ತಂಬಾಕಿನ ಹೊಲದ ಎರೆಮಣ್ಣು ಇದೇ ಕಲ್ಲು ಕೊಳೆತು ಆದದ್ದು. ದಕ್ಷಿಣಕ್ಕೆ ಗೋಕಾಕದ ಜಲಪಾತದವರೆಗೆ ಹೋದರೆ ಮಾತ್ರ ಕಲ್ಲಿನ ಬಣ್ಣವೂ ಜಾತಿಯೂ ಬದಲಾಗುತ್ತದೆ.

ಬಸಾಲ್ಟು ಬಲು ಬಿರುಸು. ಒಳಗೆ ಅಲ್ಲಲ್ಲಿ ಅನಿಲದ ಗುಳ್ಳೆಗಳು ಉಳಿದುಹೋಗಿ ಸಣ್ಣ ತೂತುಗಳಾಗಿರುತ್ತವೆ. ಕೆಲವೆಡೆ ಕಣ್ಣಿಗೆ ಕಾಣದ ಬಿರುಕು ಓಡಿರುತ್ತದೆ. ಉಳಿ ಅಂಥಲ್ಲಿ ಬಿದ್ದರೆ ತಿಂಗಳ ಕೆಲಸ ಒಂದೇ ಪೆಟ್ಟಿಗೆ ಚೂರಾಗಬಹುದು. ಆದುದರಿಂದ ಶಿಲ್ಪಿ ಮೊದಲು ಗುಳ್ಳೆಯಿಲ್ಲದ, ಕಣ ಸಣ್ಣದಾದ ಪದರವನ್ನು ಆರಿಸಬೇಕು. ಆಮೇಲೆ ಚೂಪು ಉಳಿಯಿಂದ ಚೂರುಚೂರಾಗಿ ತೆಗೆಯುತ್ತ, ಕೊನೆಗೆ ಉಜ್ಜಿ ಹೊಳಪು ಕೊಡಬೇಕು. ಇಂಥ ಕಲ್ಲಿನಲ್ಲಿ ಅಷ್ಟು ದುಂಡಗೆ, ಅಷ್ಟು ಸಮನಾಗಿ ಕಂಬದ ಬಳೆಗಳನ್ನು ಇಳಿಸಿದ ಕೈಗಳು ಎಂಥವು ಎಂದು, ಕಂಬದ ಮೇಲೆ ಅಂಗೈಯಿಟ್ಟ ಕೂಡಲೆ ಅರಿವಾಗುತ್ತದೆ. ‘ಕರಿಕಲ್ಲಿನಲ್ಲಿ’ ಎಂಬ ಒಂದು ಪದವನ್ನು ಸೇರಿಸಿದರೆ ಅಡಿಬರಹವು ಅದನ್ನೆಲ್ಲ ಹೇಳಿದಂತೆ.

ಮುಚ್ಚದ ಛಾವಣಿ

ಈಗ ಚಿತ್ರದ ನಡುವಿನ ಆಕಾಶಕ್ಕೆ ಬರೋಣ. ಛಾವಣಿ ಏಕೆ ತೆರೆದಿದೆ? ಈ ಪ್ರಶ್ನೆಗೆ ಅಲ್ಲಿ ನಿಂತವರೆಲ್ಲರಲ್ಲಿಯೂ ಒಂದೊಂದು ಉತ್ತರವಿರುತ್ತದೆ. ಅದಕ್ಕೆ ಮೊದಲು, ತೆರೆದೂ ಅದು ಹೇಗೆ ನಿಂತಿದೆ ಎಂಬುದನ್ನು ತಿಳಿದುಕೊಳ್ಳುವುದು ಮೇಲು.

ನಮ್ಮ ಹಳೆಯ ಶಿಲ್ಪಿಗಳು ಗುಮ್ಮಟವನ್ನು ಕಮಾನಿನ ರೀತಿಯಲ್ಲಿ ಕಟ್ಟುತ್ತಿರಲಿಲ್ಲ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಕಲ್ಲುಗಳ ಒಂದು ಬಳೆ. ಅದರ ಮೇಲೆ ಎರಡನೆಯ ಬಳೆ, ಆದರೆ ಸ್ವಲ್ಪ ಒಳಗೆ ಚಾಚಿಕೊಂಡು. ಅದರ ಮೇಲೆ ಇನ್ನೂ ಒಳಗೆ ಚಾಚಿದ ಮೂರನೆಯದು. ಪ್ರತಿಯೊಂದು ಕಲ್ಲೂ ಮಲಗಿಯೇ ಇರುತ್ತದೆ. ಹಿಂಭಾಗದ ಮೇಲೆ ಭಾರ ಕುಳಿತಿರುವುದರಿಂದ ಮುಂಭಾಗ ಬೀಳದು. ಜೊತೆಗೆ ಬಳೆಯೊಂದು ಪೂರ್ತಿಯಾದೊಡನೆ ಅದರ ಕಲ್ಲುಗಳೆಲ್ಲ ಒಂದನ್ನೊಂದು ಅಕ್ಕಪಕ್ಕದಿಂದ ಒತ್ತಿಹಿಡಿಯುತ್ತವೆ. ಒಂದು ಒಳಕ್ಕೆ ಜಾರಬೇಕಾದರೆ ಎರಡೂ ಬದಿಯವು ಜಾಗ ಬಿಡಬೇಕು, ಅವು ಬಿಡುವುದಿಲ್ಲ. ಕಮಾನಿಗೆ ನಡುಗಲ್ಲು ಕೂರಿಸುವ ತನಕ ಕೆಳಗಿನಿಂದ ಆಸರೆ ಕೊಟ್ಟು ನಿಲ್ಲಿಸಬೇಕು. ಬಳೆಗಳ ಗುಮ್ಮಟಕ್ಕೆ ಆ ಹಂಗಿಲ್ಲ. ಯಾವ ಬಳೆ ಮುಗಿದರೂ ಅಲ್ಲಿಗೆ ನಿಲ್ಲಿಸಬಹುದು. ಅದು ನಿಂತೇ ಇರುತ್ತದೆ.

ಬೇಲೂರಿನಂಥ ಗುಡಿಗಳಲ್ಲಿ ಈ ಬಳೆಗಳು ಒಳಗೊಳಗೆ ಬಂದು ಕೊನೆಗೆ ಒಂದು ಕಲ್ಲಿನಿಂದ ಮುಚ್ಚಿಕೊಳ್ಳುತ್ತವೆ. ತಾವರೆಯ ಮೊಗ್ಗಿನಂತೆ ಕೆಳಕ್ಕೆ ತೂಗುವ ಆ ಕೆತ್ತನೆಯ ಛಾವಣಿಗೆ ಭುವನೇಶ್ವರಿ ಎನ್ನುತ್ತೇವೆ. ಖಿದ್ರಾಪುರದಲ್ಲಿ ಬಳೆಗಳಿವೆ, ಭುವನೇಶ್ವರಿಯಿಲ್ಲ. ಇಷ್ಟು ತಿಳಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿದರೆ, ಅಲ್ಲಿರುವುದು ಕುಸಿದುಬಿದ್ದ ಛಾವಣಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಕುಸಿದಿದ್ದರೆ ಬಾಯಿ ಹಲ್ಲು ಮುರಿದಂತೆ ಅಂಕುಡೊಂಕಾಗಿರುತ್ತಿತ್ತು, ಎಲ್ಲಾದರೂ ಒಂದು ಬದಿಯ ಬಳೆ ಹರಿದಿರುತ್ತಿತ್ತು. ಬಾಯಿ ಪೂರ್ಣ ವೃತ್ತವಾಗಿ ಉಳಿದಿದೆ.

ಹಾಗಾದರೆ ಅದನ್ನು ಬೇಕೆಂದೇ ಬಿಟ್ಟರೋ, ಮುಗಿಸಲಾಗಲಿಲ್ಲವೋ? ಇಲ್ಲಿ ಯಜ್ಞ ನಡೆಯುತ್ತಿತ್ತು, ಹೊಗೆ ಹೋಗಲೆಂದು ಬಿಟ್ಟರು ಎಂಬುದು ಜನಪ್ರಿಯ ಮಾತು. ರಾಜ್ಯ ಕೈಬದಲಾದಾಗ ಕೆಲಸ ಅರ್ಧಕ್ಕೆ ನಿಂತಿತು ಎಂದು ಊಹಿಸುವವರಿದ್ದಾರೆ. ಬಾಯಿಯಷ್ಟೇ ಅಗಲದ ಹಾಸುಗಲ್ಲು ಕೆಳಗಿರುವುದರಿಂದ ಇದು ಮೊದಲೇ ಯೋಚಿಸಿದ ರಚನೆ ಎನ್ನುವವರೂ ಉಂಟು. ಆದರೆ ಮುಚ್ಚಿದ ಛಾವಣಿಯ ಮಂಟಪಗಳಲ್ಲಿಯೂ ನಡುವೆ ದುಂಡು ಹಾಸುಗಲ್ಲಿರುವುದು ಸಾಮಾನ್ಯವೇ, ಅದೊಂದರಿಂದಲೇ ತೀರ್ಮಾನವಾಗದು. ಕೊನೆಯ ಬಳೆಯ ಮೇಲ್ಮೈಯಲ್ಲಿ ಮುಂದಿನ ಕಲ್ಲನ್ನು ಕೂರಿಸಲು ಗುಣಿ ತೆಗೆದಿದ್ದಾರೆಯೇ, ಅಥವಾ ನುಣುಪಾಗಿ ಮುಗಿಸಿದ್ದಾರೆಯೇ ಎಂಬುದು ಇಂಥ ವಾದಕ್ಕೆ ಉತ್ತರ ಕೊಡಬಲ್ಲ ಗುರುತು. ಅದು ಕೆಳಗಿನಿಂದ ತೆಗೆದ ಚಿತ್ರದಲ್ಲಿ ಕಾಣುವಂಥದಲ್ಲ. ಚಿತ್ರ ತೋರಿಸದುದನ್ನು ಅದರಡಿಯ ಸಾಲು ಹೇಳಬಾರದು.

ಚಂದ್ರನ ಲೆಕ್ಕ

ಇನ್ನೊಂದು ಮಾತು ಬಲು ಸುಂದರವಾದುದು. ಕಾರ್ತಿಕ ಪೌರ್ಣಮಿಯ ರಾತ್ರಿ ಚಂದ್ರನು ಸರಿಯಾಗಿ ಈ ಬಾಯಿಯ ನಡುವೆ ಬಂದು ನಿಲ್ಲುತ್ತಾನೆಂದು ಹೇಳುತ್ತಾರೆ. ನೋಡಲು ಜನ ಸೇರುತ್ತಾರೆ. ಇದು ಬರಿಯ ಕಥೆಯೋ ಲೆಕ್ಕಕ್ಕೆ ನಿಲ್ಲುವುದೋ ಎಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು.

ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ನೇರ ಎದುರಿನಲ್ಲಿರುತ್ತಾನೆ. ಕಾರ್ತಿಕದಲ್ಲಿ, ಎಂದರೆ ನವೆಂಬರ್ ತಿಂಗಳಲ್ಲಿ, ಸೂರ್ಯನು ಸಮಭಾಜಕದಿಂದ 15ರಿಂದ 22 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಆದುದರಿಂದ ಚಂದ್ರನು ಸುಮಾರು ಅಷ್ಟೇ ಉತ್ತರಕ್ಕಿರುತ್ತಾನೆ. ಖಿದ್ರಾಪುರವು ಸಮಭಾಜಕದಿಂದ ಉತ್ತರಕ್ಕೆ ಸುಮಾರು 16.7 ಡಿಗ್ರಿಯಲ್ಲಿದೆ. ಹೀಗಾಗಿ ಆ ರಾತ್ರಿ ನಡುರಾತ್ರಿಯ ಹೊತ್ತಿಗೆ ಚಂದ್ರನು ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಬರುತ್ತಾನೆ. ಚಂದ್ರನ ದಾರಿ ಸೂರ್ಯನ ದಾರಿಗಿಂತ 5 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಒಂದೊಂದು ವರ್ಷ ಒಂದಿಷ್ಟು ಆಚೀಚೆಯಾಗುತ್ತದೆ. ಕೈ ಚಾಚಿ ಹಿಡಿದ ಮೂರು ಬೆರಳಿನಗಲದಷ್ಟು ಎನ್ನಿರಿ. ಬಾಯಿಯ ಅಗಲಕ್ಕೆ ಅದು ದೊಡ್ಡದಲ್ಲ. ಜನರ ಮಾತು ಲೆಕ್ಕಕ್ಕೆ ನಿಂತಿತು.

ಆದರೆ ಅದೇ ಲೆಕ್ಕ ಇನ್ನೂ ಒಂದು ಸಂಗತಿಯನ್ನು ಹೇಳುತ್ತದೆ. ಅದೇ ರಾತ್ರಿ ಚಂದ್ರನು ಚಿಕ್ಕೋಡಿಯ ಪ್ರತಿಯೊಂದು ಮನೆಯ ಅಂಗಳದ ಮೇಲೂ ಹಾಗೆಯೇ ನಿಂತಿರುತ್ತಾನೆ. ಬೇರೆ ಕೆಲವು ಹುಣ್ಣಿಮೆಗಳಲ್ಲಿಯೂ ಈ ಬಾಯಿಯ ಒಳಗಿಂದ ಅವನು ಕಾಣಸಿಗುತ್ತಾನೆ. ಆದುದರಿಂದ ‘ಕಾರ್ತಿಕ ಚಂದ್ರನಿಗಾಗಿಯೇ ಕಟ್ಟಿದರು’ ಎಂದು ಲೆಕ್ಕವು ಸಾಧಿಸುವುದಿಲ್ಲ. ‘ಕಾರ್ತಿಕದಲ್ಲಿ ಚಂದ್ರನು ಬಂದು ನಿಲ್ಲುತ್ತಾನೆ’ ಎಂದು ಮಾತ್ರ ಸಾಧಿಸುತ್ತದೆ. ಎರಡನೆಯದೂ ಕಡಿಮೆ ಚೆಲುವಿನ ಮಾತಲ್ಲ.

ಸೂರ್ಯನ ವಿಷಯವೂ ಹೀಗೆಯೇ. ವರ್ಷದಲ್ಲಿ ಎರಡು ಬಾರಿ, ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ತಿಂಗಳ ಮೊದಲ ವಾರದಲ್ಲಿಯೂ, ನಡುಹಗಲಿನ ಸೂರ್ಯ ಈ ಸೀಮೆಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಆಗಸ್ಟಿನಲ್ಲಿ ಮೋಡಗಳೇ ಹೆಚ್ಚು. ಮೇ ತಿಂಗಳ ಬಿರುಬಿಸಿಲಿಗೆ ಹೆದರದೆ ಹೋದವನಿಗೆ, ಮೇಲಿನ ವೃತ್ತದ ಬೆಳಕು ಕೆಳಗಿನ ಹಾಸುಗಲ್ಲಿನ ಮೇಲೆ ನೇರವಾಗಿ ಇಳಿಯುವ ಗಳಿಗೆ ಸಿಕ್ಕೀತು. ಬೇರೆ ದಿನಗಳಲ್ಲಿ ಬಿಸಿಲಿನ ದುಂಡು ಓರೆಯಾಗಿ ಯಾವುದೋ ಕಂಬವನ್ನು ಬೆಳಗಿಸುತ್ತಿರುತ್ತದೆ. ಚಿತ್ರದಲ್ಲಿ ಒಂದು ಕಂಬ ಮಾತ್ರ ಉಜ್ಜ್ವಲವಾಗಿ ಉಳಿದವು ಕತ್ತಲಾಗಿರುವುದು ಇದೇ ಕಾರಣದಿಂದ. ತಿಂಗಳನ್ನೂ ಹೊತ್ತನ್ನೂ ಅಡಿಬರಹದ ಕೊನೆಯಲ್ಲಿ ಬರೆದಿಟ್ಟರೆ, ಮುಂದೆ ನೋಡುವವರಿಗೆ ಅದು ತಿಳಿಯುತ್ತದೆ.

ಒಡೆದ ಸೊಂಡಿಲುಗಳು

ಗುಡಿಯ ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಪಟ್ಟಿಯಿದೆ. ಸಾಮಾನ್ಯವಾಗಿ 92 ಆನೆಗಳೆಂದು ಎಣಿಸುತ್ತಾರೆ. ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಂತೆ ಅವನ್ನು ಕೆತ್ತಲಾಗಿದೆ. ಹತ್ತಿರ ಹೋದರೆ ಹಲವಕ್ಕೆ ಸೊಂಡಿಲಿಲ್ಲ, ಹಲವಕ್ಕೆ ಮುಖವೇ ಇಲ್ಲ. ಮೇಲಿನ ವಿಗ್ರಹಗಳಲ್ಲಿಯೂ ಕೈ, ಮೂಗು, ಮುಖಗಳು ಹೋಗಿವೆ. ಇದನ್ನು ಕಂಡವರಿಗೆ ಸಂಕಟವಾಗುತ್ತದೆ. ಒಡೆದವರು ಯಾರು ಎಂದು ಕೇಳಿದರೆ ಮೊಗಲರ ದಂಡು ಎಂಬ ಉತ್ತರ ಊರಿನಲ್ಲಿ ಸಿದ್ಧವಾಗಿದೆ. ಆದರೆ ಗುಡಿಯ ಹಳೆಯ ಶಾಸನಗಳು ಆ ಕಾಲಕ್ಕಿಂತ ಶತಮಾನಗಳಷ್ಟು ಹಿಂದಿನವು. ತಮ್ಮ ನಂತರ ಒಡೆದವರ ಹೆಸರನ್ನು ಅವು ಹೇಳಲಾರವು.

ಕಲ್ಲು ಮಾತ್ರ ಕೆಲವನ್ನು ಹೇಳುತ್ತದೆ. ಕರಿಕಲ್ಲಿನ ಹೊಸ ಒಡಕು ಕಡುಗಪ್ಪಾಗಿ, ಹರಿತವಾಗಿರುತ್ತದೆ. ವರ್ಷಗಳು ಕಳೆದಂತೆ ಗಾಳಿಮಳೆಗಳಿಗೆ ಅದರ ಮೈ ಕಂದು ತಿರುಗುತ್ತದೆ, ಅಂಚು ಮೊಂಡಾಗುತ್ತದೆ. ಸುತ್ತಲಿನ ಕೆತ್ತನೆಯ ಬಣ್ಣವೂ ಒಡಕಿನ ಬಣ್ಣವೂ ಒಂದೇ ಆಗಿದ್ದರೆ ಆ ಒಡಕು ಬಹಳ ಹಳೆಯದು. ಬೇರೆಯಾಗಿದ್ದರೆ ಈಚಿನದು. ಚಾಚಿದ ಸೊಂಡಿಲೊಂದು ಮೇಲಿನಿಂದ ಬಿದ್ದ ಕಲ್ಲಿಗೂ ಮುರಿದೀತು. ಆದರೆ ಕೈಗೆಟಕುವ ಎತ್ತರದಲ್ಲಿ ಸಾಲಾಗಿ ಮುಖಗಳೇ ಹೋಗಿದ್ದು ಪಕ್ಕದ ಸೂಕ್ಷ್ಮ ಹೂಬಳ್ಳಿ ಉಳಿದಿದ್ದರೆ ಅದು ಮನುಷ್ಯನ ಕೈಕೆಲಸವೆಂದೇ ತಿಳಿಯಬೇಕು. ಯಾವ ಮನುಷ್ಯ, ಯಾವ ವರ್ಷ ಎಂಬುದನ್ನು ಒಡಕಿನ ಮೈ ಹೇಳದು. ಅಡಿಬರಹಕ್ಕೆ ‘ಸೊಂಡಿಲು ಒಡೆದ ಆನೆಗಳು’ ಎಂಬಷ್ಟೇ ಸಾಕು. ನೋಡುವವರ ಎದೆಗೆ ತಾಗಲು ಆ ಎರಡು ಮೂರು ಪದಗಳಿಗಿಂತ ಹೆಚ್ಚಿನದು ಬೇಕಾಗಿಲ್ಲ.

ಇದೇ ಕಾರಣದಿಂದ ‘ಹಾಳುಗುಡಿ’ ಎಂಬ ಪದವನ್ನೂ ಬಿಡಬೇಕು. ಹಾಳುಗುಡಿಯೆಂದರೆ ದೀಪವಿಲ್ಲದ್ದು. ಇಲ್ಲಿ ಕಲ್ಲು ಒಡೆದಿದೆ, ಪೂಜೆ ನಿಂತಿಲ್ಲ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ ಉಕ್ಕಿ ಶಿರೋಳ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತೀರದ ಊರುಗಳನ್ನು ಮುಳುಗಿಸಿದಳು. ನೀರು ಇಳಿದ ಮೇಲೆ ಜನ ತಮ್ಮ ಮನೆಗಳ ಕೆಸರು ತೆಗೆದು ಮತ್ತೆ ಗುಡಿಗೆ ಹೂ ಏರಿಸಲು ಹೋದರು.

ಯಾವ ಕಾಲ, ಯಾರ ಕಾಲ

ಕಾಲವನ್ನು ಹೇಗೆ ಬರೆಯಬೇಕು? ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದವರು ಕೊಲ್ಲಾಪುರದ ಶಿಲಾಹಾರರು. ಗುಡಿಯನ್ನು ಕಟ್ಟಿಸಿದವನು ಶಿಲಾಹಾರ ಗಂಡರಾದಿತ್ಯನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಥ ಕೆಲಸ ಒಬ್ಬ ದೊರೆಯ ಆಳಿಕೆಯಲ್ಲಿ ಮುಗಿಯುವಂಥದಲ್ಲ; ಅವನ ನಂತರದ ವಿಜಯಾದಿತ್ಯ, ಎರಡನೆಯ ಭೋಜರ ಕಾಲಕ್ಕೂ ಅದು ಹಬ್ಬಿರಬಹುದು. 1212ರ ಸುಮಾರಿಗೆ ದೇವಗಿರಿಯ ಯಾದವ ಸಿಂಘಣನು ಭೋಜನನ್ನು ಸೋಲಿಸಿ ಪನ್ಹಾಳದ ಕೋಟೆಯನ್ನು ಹಿಡಿದನು. ಶಿಲಾಹಾರರ ಆಳಿಕೆ ಅಲ್ಲಿಗೆ ಮುಗಿಯಿತು. ಅದರ ಮರುವರ್ಷದ ಹೊತ್ತಿನದು ಗುಡಿಯ ಸಂಸ್ಕೃತ ಶಾಸನ. ಗೆದ್ದ ಸಿಂಘಣನು ಕೋಪೇಶ್ವರ ದೇವರಿಗೆ ಗ್ರಾಮವೊಂದನ್ನು ದತ್ತಿ ಬಿಟ್ಟನೆಂದು ಅದು ಹೇಳುತ್ತದೆ.

ಆ ದತ್ತಿಯಿಂದ ಎರಡು ಸಂಗತಿಗಳು ತಿಳಿಯುತ್ತವೆ. 1213ರ ಹೊತ್ತಿಗೆ ದೇವರು ಪ್ರತಿಷ್ಠೆಯಾಗಿ ಪೂಜೆಗೊಳ್ಳುತ್ತಿದ್ದನು. ಸೋತವರ ಗುಡಿಯನ್ನು ಗೆದ್ದವನು ಕೈಬಿಡಲಿಲ್ಲ, ತನ್ನದಾಗಿ ಮಾಡಿಕೊಂಡನು. ಆದರೆ ಶಾಸನದ ವರ್ಷವನ್ನು ಗುಡಿ ಕಟ್ಟಿದ ವರ್ಷವೆಂದು ಬರೆಯುವುದು ಪ್ರವಾಸಿಗಳು ಪದೇಪದೇ ಮಾಡುವ ತಪ್ಪು. ಹಳೆಯ ಮನೆಗೆ ಕಂದಾಯ ಕಟ್ಟಿದ ರಸೀದಿಯಲ್ಲಿರುವ ತಾರೀಖು ಮನೆ ಕಟ್ಟಿದ ತಾರೀಖಾಗುವುದೇ? ‘12ನೆಯ ಶತಮಾನ’ ಎಂಬುದೇ ಇಲ್ಲಿ ಸುರಕ್ಷಿತ.

ನಂದಿ ಎಲ್ಲಿ?

ಗರ್ಭಗುಡಿಯವರೆಗೆ ಹೋಗಿ ಬಂದವರಿಗೆ ಒಂದು ಕೊರತೆ ಹೊಳೆಯುತ್ತದೆ: ಶಿವನ ಗುಡಿ, ಆದರೆ ನಂದಿಯಿಲ್ಲ. ಒಳಗೆ ಎರಡು ಲಿಂಗಗಳಿವೆ. ಒಂದು ಕೋಪೇಶ್ವರ, ಇನ್ನೊಂದು ಧೋಪೇಶ್ವರ. ಊರವರು ಹೇಳುವ ಕಥೆ ಹೀಗಿದೆ. ದಕ್ಷನು ಯಜ್ಞ ಮಾಡಿದನು, ಅಳಿಯನಾದ ಶಿವನನ್ನು ಕರೆಯಲಿಲ್ಲ. ಕರೆಯದಿದ್ದರೂ ತವರಲ್ಲವೇ ಎಂದು ಸತಿಯು ನಂದಿಯನ್ನೇರಿ ಹೊರಟಳು. ಅಲ್ಲಿ ಅವಮಾನವನ್ನು ಸಹಿಸಲಾರದೆ ಅಗ್ನಿಗೆ ಮೈಯೊಡ್ಡಿದಳು. ಸುದ್ದಿ ಕೇಳಿದ ಶಿವನಿಗೆ ತಡೆಯಲಾಗದ ಕೋಪ ಬಂದಿತು. ಅವನನ್ನು ಸಮಾಧಾನಗೊಳಿಸಲು ವಿಷ್ಣುವು ಇಲ್ಲಿಗೆ ಕರೆತಂದು ಪಕ್ಕದಲ್ಲಿ ಕುಳಿತನು. ಕೋಪಗೊಂಡವನು ಕೋಪೇಶ್ವರ, ಜೊತೆಗೆ ಕುಳಿತ ವಿಷ್ಣು ಧೋಪೇಶ್ವರ.

ಸತಿಯ ಜೊತೆಗೆ ಹೋದ ನಂದಿ ಹಿಂದಿರುಗಲಿಲ್ಲ. ಅವನು ಯಜ್ಞ ನಡೆದ ಊರಿನಲ್ಲಿಯೇ ಉಳಿದುಬಿಟ್ಟನು. ಆ ಊರು ಯಡೂರು, ಕೃಷ್ಣಾತೀರದಲ್ಲಿ ಗಡಿಯ ಈಚೆಗಿರುವ ಚಿಕ್ಕೋಡಿ ತಾಲೂಕಿನ ಕ್ಷೇತ್ರ. ಅಲ್ಲಿ ವೀರಭದ್ರನ ಗುಡಿ ಪ್ರಸಿದ್ಧವಾದುದು. ದಕ್ಷನ ಯಜ್ಞವನ್ನು ಕೆಡಿಸಿದವನು ವೀರಭದ್ರನೇ ಎಂಬುದು ಪುರಾಣಪ್ರಸಿದ್ಧ. ಹೀಗೆ ಸ್ವಾಮಿ ಮಹಾರಾಷ್ಟ್ರದಲ್ಲಿ, ಅವನ ವಾಹನ ಕರ್ನಾಟಕದಲ್ಲಿ. ಒಂದೇ ಕಥೆಯ ಎರಡು ತುದಿಗಳನ್ನು ಎರಡು ಊರುಗಳು ಹಿಡಿದುಕೊಂಡಿವೆ. 1956ರ ಗೆರೆ ಅದರ ನಡುವೆ ಬಂದರೂ ಕಥೆ ಹರಿಯಲಿಲ್ಲ. ಈಗಲೂ ಎರಡನ್ನೂ ನೋಡದೆ ಯಾತ್ರೆ ಪೂರ್ಣವಾಗದೆಂದು ನಂಬುವ ಕುಟುಂಬಗಳಿವೆ.

ಪುರಾಣವನ್ನು ಚರಿತ್ರೆಯೆಂದು ಬರೆಯಬಾರದು, ನಿಜ. ಆದರೆ ‘ಊರವರು ಹೇಳುತ್ತಾರೆ’ ಎಂಬ ಎರಡು ಪದಗಳನ್ನು ಸೇರಿಸಿದ ಮೇಲೆ ಅದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ಊರವರು ಹಾಗೆ ಹೇಳುತ್ತಾರೆ ಎಂಬುದು ಕಲ್ಲಿನಷ್ಟೇ ನಿಜವಾದ ಸಂಗತಿ.

ಉಳಿದ ಸಾಲು

ಈಗ ಲೇಖನಿಯನ್ನು ಕೈಗೆ ತೆಗೆದುಕೊಳ್ಳಬಹುದು. ಮೊದಲ ಯತ್ನ ಸಾಮಾನ್ಯವಾಗಿ ಹೀಗಿರುತ್ತದೆ: ‘ಗಂಡರಾದಿತ್ಯನು 1213ರಲ್ಲಿ ಕಟ್ಟಿಸಿದ, ಮೊಗಲರು ಹಾಳುಮಾಡಿದ ಖಿದ್ರಾಪುರದ ಗುಡಿಯಲ್ಲಿ ಯಜ್ಞದ ಹೊಗೆಗಾಗಿ ಬಿಟ್ಟ ಕಿಂಡಿ.’ ಇದರಲ್ಲಿ ದೃಢವಾಗಿ ನಿಲ್ಲುವುದು ಊರಿನ ಹೆಸರೊಂದೇ. ವರ್ಷ ದತ್ತಿಯದು, ದೊರೆಯ ಹೆಸರು ಸಂಪ್ರದಾಯದ್ದು, ಒಡೆದವರ ಹೆಸರು ಊಹೆಯದು, ಹೊಗೆಯ ಮಾತು ಕೇಳಿದ್ದು, ‘ಹಾಳು’ ಎಂಬುದು ಸುಳ್ಳು. ಎರಡನೆಯ ಯತ್ನದಲ್ಲಿ ಇವನ್ನೆಲ್ಲ ಹೊಡೆದುಹಾಕಿ ‘ವರ್ಣಿಸಲಸದಳ’ ಎಂದು ಬರೆಯುವವರುಂಟು. ಅದರಲ್ಲಿ ತಪ್ಪಿಲ್ಲ, ತಿರುಳೂ ಇಲ್ಲ.

ಕಣ್ಣಿಗೆ ಕಂಡದ್ದು, ಕಲ್ಲು ಹೇಳಿದ್ದು, ಊರವರು ಹೇಳಿದ್ದು, ಈ ಮೂರನ್ನೂ ಅವುಗಳ ಜಾಗದಲ್ಲಿಟ್ಟರೆ ಉಳಿಯುವುದು ಇಷ್ಟು:

‘ಖಿದ್ರಾಪುರದ ಕೋಪೇಶ್ವರ ಗುಡಿಯ ಸ್ವರ್ಗಮಂಟಪ, ಶಿರೋಳ ತಾಲೂಕು, ಕೊಲ್ಲಾಪುರ ಜಿಲ್ಲೆ, 12ನೆಯ ಶತಮಾನ. ಕರಿಕಲ್ಲಿನ ಹನ್ನೆರಡು ಕಂಬಗಳು ಹೊತ್ತ ಬಳೆಗಳ ನಡುವೆ ಭುವನೇಶ್ವರಿಯ ಸ್ಥಳದಲ್ಲಿ ಆಕಾಶವಿದೆ. ಕಾರ್ತಿಕ ಹುಣ್ಣಿಮೆಯಲ್ಲಿ ಚಂದ್ರ ಅಲ್ಲಿಗೆ ಬರುತ್ತಾನೆ. ಈ ದೇವರ ನಂದಿ ಯಡೂರಿನಲ್ಲಿ ಉಳಿದಿದ್ದಾನೆಂದು ಊರವರು ಹೇಳುತ್ತಾರೆ.’

ಇದರ ಕೊನೆಗೆ ಚಿತ್ರ ತೆಗೆದ ತಿಂಗಳನ್ನೂ ಹೊತ್ತನ್ನೂ ಸಣ್ಣ ಅಕ್ಷರದಲ್ಲಿ ಸೇರಿಸಬೇಕು. ಜಾಗ ಸಾಲದಿದ್ದರೆ ಮೊದಲು ತಾಲೂಕನ್ನು ಬಿಡಬಹುದು, ಆಮೇಲೆ ಚಂದ್ರನನ್ನು. ನಂದಿಯನ್ನು ಬಿಡುವುದು ಬೇಡ.